ಕತ್ತರಿಸಿದ ಚಾರ್ಟಲ್ಲಿ ಮಳೆ ಎಷ್ಟು?

ಎಲ್ರಿಗೂ ನಮಸ್ಕಾರ. ಕೊಡಗಲ್ಲಿ ತೋಟ ಇರೋರ ಮನೇಲಿ ಮಳೆ ಲೆಕ್ಕ ಬರೆಯೋ ಒಂದು ಪುಸ್ತಕ ಇದ್ದೇ ಇರುತ್ತೆ, ಅದೂ ಇಂಚಿನ ಲೆಕ್ಕದಲ್ಲಿ. ಮೊನ್ನೆ ಪಕ್ಕದ ತೋಟದ ಅಣ್ಣ ವಾಟ್ಸಾಪಲ್ಲಿ ನಮ್ಮೂರಿನ ತಿಂಗಳವಾರು ಮಳೆಯ ಬಾರ್ ಚಾರ್ಟ್ ಒಂದನ್ನ ಕಳಿಸಿದ್ರು, ಮಿಲಿಮೀಟರಲ್ಲಿ ಇತ್ತು, ಆದ್ರೆ ಯಾರೋ ಸ್ಕ್ರೀನ್‌ಶಾಟ್ ತೆಗೆಯುವಾಗ ಎಡಗಡೆ ಕತ್ತರಿಸಿಬಿಟ್ಟಿದ್ರು. ಅಂಕಿಗಳ ಬಾಲ ಮಾತ್ರ ಉಳಿದಿತ್ತು. ಕೆಳಗಿಂದ ಓದಿದ್ರೆ 0, 50, 00, 50, 00.

ಕೆಳಗಡೆ ಒಂಟಿ ಸೊನ್ನೆ ಇದೆ ನೋಡಿ, ಅದು ಮುಖ್ಯ. ಉಳಿದ ಗೆರೆಗಳಿಗೆ ಎರಡೆರಡು ಅಂಕಿ ಕಾಣ್ತಿದೆ, ಇದಕ್ಕೆ ಒಂದೇ, ಅಂದ್ರೆ ಅದರ ಎಡಕ್ಕೆ ಏನೂ ಇರ್ಲಿಲ್ಲ, ಅದು ನಿಜವಾದ ಸೊನ್ನೆ. ಆದ್ರೆ ಒಂದು ಗೆರೆಯಿಂದ ಇನ್ನೊಂದಕ್ಕೆ ಎಷ್ಟು? 50 ಇರಬಹುದು, 150 ಇರಬಹುದು, 250 ಕೂಡ ಇರಬಹುದು, ಮೂರಕ್ಕೂ ಬಾಲ ಹೀಗೇ ಬರುತ್ತೆ.

ಇಲ್ಲಿ ನಮ್ಮ ಪುಸ್ತಕ ಕೈ ಹಿಡೀತು. ಜುಲೈ ಕಂಬ ಸೊನ್ನೆಯಿಂದ ಮೂರನೇ ಗೆರೆಯನ್ನ ಸ್ವಲ್ಪ ದಾಟಿದೆ. 50ರ ಲೆಕ್ಕದಲ್ಲಿ ಅದು 150 ಚಿಲ್ಲರೆ, ಬರೀ 6 ಇಂಚು. 150 ಆದ್ರೆ 18 ಇಂಚಿನ ಹತ್ರ. 250 ಆದ್ರೆ 750 ದಾಟಿ 30 ಇಂಚು ಆಗುತ್ತೆ. ಆ ಜುಲೈಗೆ ನಾನು ಬರೆದಿದ್ದು 31 ಇಂಚು, ಹಾಗಾಗಿ 250 ಅಂತ ತೀರ್ಮಾನ ಮಾಡ್ದೆ. ಆದ್ರೆ ಹೀಗೆ ತಾಳೆ ನೋಡುವಾಗ ಚಾರ್ಟ್ ಯಾವ ಊರಿನದು ಅಂತ ಗೊತ್ತಿರ್ಲೇಬೇಕು, ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಹೋಲಿಕೆನೇ ಇಲ್ವಲ್ಲ.

ಆಮೇಲೆ ಚಿತ್ರ ದೊಡ್ಡದು ಮಾಡಿ ಸ್ಕ್ರೀನ್ ಮೇಲೆ ಮಕ್ಕಳ ಸ್ಕೇಲ್ ಇಟ್ಟೆ. ಸೊನ್ನೆಯಿಂದ 750ರ ಗೆರೆಗೆ ಸರಿಯಾಗಿ 60 ಮಿಲಿಮೀಟರ್ ಬಂತು, ಅಂದ್ರೆ ಸ್ಕೇಲಿನ ಒಂದು ಮಿಲಿಮೀಟರಿಗೆ ಹನ್ನೆರಡೂವರೆ ಮಿಲಿಮೀಟರ್ ಮಳೆ. ಆಗಸ್ಟ್ ಕಂಬ 41 ಇತ್ತು, ಗುಣಿಸಿದ್ರೆ 512.5. ಹಾಗಂತ 512.5 ಅಂತ ಬರೀಬೇಡಿ, ಕಣ್ಣಳತೆ ಅರ್ಧ ಮಿಲಿಮೀಟರ್ ಆಚೀಚೆ ಆದ್ರೂ ಮಳೆ 6 ಮಿಲಿಮೀಟರ್ ಬದಲಾಗುತ್ತೆ. ಸುಮಾರು 510, ಹೆಚ್ಚುಕಮ್ಮಿ 20 ಇಂಚು ಅಂತ ಬರೆದ್ರೆ ಸಾಕು. ಜೂನ್ 26 ಇತ್ತು, ಅದು ಸುಮಾರು 325.

ಒಂದು ವೇಳೆ ಕೆಳಗಡೆನೂ ಕತ್ತರಿಸಿ ಹೋಗಿ, ಚಿತ್ರ 250ರ ಗೆರೆಯಿಂದಲೇ ಶುರುವಾದ್ರೆ? ಆಗ ಜೂನ್ ಕಂಬ ಕಾಣೋದು 6 ಮಿಲಿಮೀಟರ್ ಮಾತ್ರ, ಆಗಸ್ಟ್ 21. ನೋಡಿದ್ರೆ ಜೂನ್ ಮಳೆ ಆಗಸ್ಟಿನ ಮೂರನೇ ಒಂದು ಭಾಗನೂ ಇಲ್ಲ ಅನ್ಸುತ್ತೆ, ನಿಜವಾಗಿ ಅರ್ಧಕ್ಕಿಂತ ಜಾಸ್ತಿ ಇದೆ. ಅದಕ್ಕೇ ಕಂಬದ ಬುಡ ನಂಬಬಾರದು, ಬೆಲೆ ಗೊತ್ತಿರೋ ಗೆರೆಯಿಂದ ಅಳೆದು, ಆ ಗೆರೆಯ 250ಕ್ಕೆ 6ರ ಲೆಕ್ಕದ 75 ಕೂಡಿಸಿ, ಆಗ್ಲೂ ಅದೇ 325 ಬರುತ್ತೆ.