ಗೋಡೆ ಹಿಂದೆ ಹೋದ ಮೇಲೂ ಗುಂಡು ಬೀಳೋದು ಯಾಕೆ?

"ಗುರೂ, ನಾನು ಆಗ್ಲೇ ಗೋಡೆ ಹಿಂದೆ ಇದ್ದೆ, ಆದ್ರೂ ಸತ್ತೆ!" ಶೂಟಿಂಗ್ ಗೇಮ್ ಆಡುವವರ ಬಾಯಲ್ಲಿ ಈ ಮಾತು ಬರದ ರಾತ್ರಿಯೇ ಇಲ್ಲ. ಅದರ ಬೆನ್ನಿಗೇ ಸರ್ವರ್‌ಗೆ ಒಂದಷ್ಟು ಬೈಗುಳ, ಗೇಮ್ ಮಾಡಿದವರಿಗೆ ಇನ್ನೊಂದಷ್ಟು. ಆದರೆ ಹೆಚ್ಚಿನ ಸಲ ಅದು ಬಗ್ ಅಲ್ಲ. ಯಾರೋ ಕೂತು ಯೋಚಿಸಿ, ಬೇಕಂತಲೇ ಹಾಗೆ ಮಾಡಿಟ್ಟಿದ್ದಾರೆ. ನನ್ನ ಪ್ರಕಾರ ಅವರು ಮಾಡಿದ್ದು ಸರಿ. ಎಲ್ಲಿಯವರೆಗೆ ಸರಿ ಅನ್ನೋದರಲ್ಲಿ ಮಾತ್ರ ನನ್ನ ತಕರಾರು.

ಕೌಂಟರ್-ಸ್ಟ್ರೈಕ್: ಸೋರ್ಸ್ ಇಟ್ಟುಕೊಂಡು ನೋಡೋಣ. ಹಳೇ ಗೇಮ್ ನಿಜ, ಆದರೆ ಅದರ ಎಂಜಿನ್ ಒಳಗೆ ಏನು ನಡೆಯುತ್ತದೆ ಅನ್ನೋದು ಗುಟ್ಟಾಗಿ ಉಳಿದಿಲ್ಲ. ಚಾಕು ಹಿಡಿದು ಓಡಿದರೆ ನಿಮ್ಮ ವೇಗ ಸೆಕೆಂಡಿಗೆ 250 ಯೂನಿಟ್. ನಿಮ್ಮ ಮೈ ಅಗಲ 32 ಯೂನಿಟ್. ಈ ಎರಡು ಸಂಖ್ಯೆ ನೆನಪಿಟ್ಟುಕೊಳ್ಳಿ, ಸಾಕು.

ಈಗ ನಿಮ್ಮ ಪಿಂಗ್ 40 ಮಿಲಿಸೆಕೆಂಡ್. ಅಂದರೆ ಸರ್ವರ್‌ಗೆ ಹೋಗಲು 20, ಬರಲು 20. ಎದುರಾಳಿ ರವಿಯದು 120, ಅಂದರೆ ಹೋಗಲು 60, ಬರಲು 60. ನೀವು ಓಡುತ್ತಾ ಬಾಗಿಲು ದಾಟುತ್ತಿದ್ದೀರಿ. ನಿಮ್ಮ ಕಂಪ್ಯೂಟರ್ ಸರ್ವರ್ ಉತ್ತರಕ್ಕೆ ಕಾಯುವುದಿಲ್ಲ, ಕೀ ಒತ್ತಿದ ಕೂಡಲೇ ನಿಮ್ಮನ್ನು ಓಡಿಸಿಬಿಡುತ್ತದೆ. ಇದಕ್ಕೆ ಪ್ರಿಡಿಕ್ಷನ್ ಅಂತಾರೆ, 1996ರ ಕ್ವೇಕ್‌ವರ್ಲ್ಡ್ ಕಾಲದಿಂದಲೂ ಇದೆ. ನೀವು ಬಾಗಿಲಲ್ಲಿದ್ದೀರಿ ಅನ್ನೋ ಸುದ್ದಿ ಸರ್ವರ್‌ಗೆ ಮುಟ್ಟಲು 20 ಬೇಕು, ಅಲ್ಲಿಂದ ರವಿಗೆ ಮುಟ್ಟಲು 60. ಅಷ್ಟಕ್ಕೇ ಮುಗಿಯಲಿಲ್ಲ. ರವಿಯ ಕಂಪ್ಯೂಟರ್ ಬಂದ ಸುದ್ದಿಯನ್ನು ಆಗಲೇ ತೋರಿಸುವುದಿಲ್ಲ, ಬೇಕಂತಲೇ ಇನ್ನೂ 100 ಮಿಲಿಸೆಕೆಂಡ್ ತಡೆದು ತೋರಿಸುತ್ತದೆ.

ಅದ್ಯಾಕೆ ಅಂತೀರಾ? ಆ ಗೇಮ್‌ನಲ್ಲಿ ಸರ್ವರ್ ಡೀಫಾಲ್ಟಾಗಿ ಸೆಕೆಂಡಿಗೆ 20 ಸಲ ಸುದ್ದಿ ಕಳಿಸುತ್ತದೆ, 50 ಮಿಲಿಸೆಕೆಂಡಿಗೆ ಒಂದು. ಬಂದಿದ್ದನ್ನು ಬಂದ ಹಾಗೇ ತೋರಿಸಿದರೆ ನೀವು ಕುಪ್ಪಳಿಸುತ್ತಾ ಓಡಿದ ಹಾಗೆ ಕಾಣಿಸುತ್ತೀರಿ. ಅದಕ್ಕೇ ಎರಡು ಸುದ್ದಿಗಳ ನಡುವಿನ ಜಾಗವನ್ನು ಲೆಕ್ಕ ಹಾಕಿ ತುಂಬುತ್ತಾರೆ. 100 ಇಟ್ಟರೆ ಮಧ್ಯೆ ಒಂದು ಪ್ಯಾಕೆಟ್ ಕಳೆದುಹೋದರೂ ಚಲನೆ ನಿಲ್ಲುವುದಿಲ್ಲ. `cl_interp 0.1` ಅನ್ನೋ ಸೆಟ್ಟಿಂಗ್ ಇದೇ. ಎಷ್ಟೋ ಜನ ತಮಗೆ ಬಂದ ಲ್ಯಾಗ್‌ಗೆ ಬರೀ ಇಂಟರ್ನೆಟ್ ಕಂಪನಿಯನ್ನು ಬೈತಾರೆ, ಈ ಹತ್ತನೇ ಒಂದು ಸೆಕೆಂಡ್ ಗೇಮ್ ತಾನೇ ಸೇರಿಸಿದ್ದು ಅಂತ ಅವರಿಗೆ ಗೊತ್ತೇ ಇರಲ್ಲ.

ಸರಿ, ರವಿ ತನ್ನ ಪರದೆಯಲ್ಲಿ ನಿಮ್ಮ ತಲೆ ಮೇಲೇ ಗುರಿ ಇಟ್ಟು ಹೊಡೆದ. ಗುಂಡಿನ ಸುದ್ದಿ ಸರ್ವರ್‌ಗೆ ಮುಟ್ಟಲು 60. "ನೀನು ಸತ್ತೆ" ಅಂತ ನಿಮಗೆ ಮುಟ್ಟಲು ಇನ್ನೊಂದು 20. ಎಲ್ಲ ಕೂಡಿ: 20, 60, 100, 60, 20. ಒಟ್ಟು 260 ಮಿಲಿಸೆಕೆಂಡ್. ಅಷ್ಟರಲ್ಲಿ ನೀವು ನಿಮ್ಮ ಪರದೆಯಲ್ಲಿ 65 ಯೂನಿಟ್ ಮುಂದೆ ಹೋಗಿದ್ದೀರಿ, ಎರಡು ಮೈ ಅಗಲದಷ್ಟು ದೂರ. ಗೋಡೆ ಹಿಂದೆ ಸೇರಿಕೊಳ್ಳಲು ಇಷ್ಟು ಧಾರಾಳವಾಗಿ ಸಾಕು. ನೀವೂ ಸುಳ್ಳು ಹೇಳ್ತಿಲ್ಲ, ರವಿಯೂ ಮೋಸ ಮಾಡಿಲ್ಲ.

ಇಲ್ಲಿ ಸರ್ವರ್ ಥರ್ಡ್ ಅಂಪೈರ್ ಕೆಲಸ ಮಾಡುತ್ತದೆ. ಎಲ್ಲರೂ ಯಾವ ಕ್ಷಣದಲ್ಲಿ ಎಲ್ಲಿದ್ದರು ಅನ್ನೋದನ್ನು ಹಿಂದಿನ ಒಂದು ಸೆಕೆಂಡಿನವರೆಗೆ ಬರೆದಿಟ್ಟುಕೊಂಡಿರುತ್ತದೆ. ರವಿಯ ಗುಂಡು ಬಂದಾಗ ಈ ಲೆಕ್ಕ ಹಾಕುತ್ತದೆ:

```
target_time = server_now - latency - interp
```

ಇಲ್ಲಿ `latency` ಅಂದರೆ ರವಿಯ ಹೋಗಿ-ಬರುವ 120, `interp` ಆ 100. ಸರ್ವರ್ 220 ಮಿಲಿಸೆಕೆಂಡ್ ಹಿಂದಕ್ಕೆ ಹೋಗಿ, ನಿಮ್ಮನ್ನು ಆಗ ಇದ್ದ ಜಾಗದಲ್ಲಿ ನಿಲ್ಲಿಸಿ, ಗುಂಡು ತಾಗಿತಾ ಅಂತ ನೋಡಿ, ಮತ್ತೆ ನಿಮ್ಮನ್ನು ಈಗಿನ ಜಾಗಕ್ಕೆ ತಂದುಬಿಡುತ್ತದೆ. ವಾಲ್ವ್ ಕಂಪನಿಯ ಯಾನ್ ಬರ್ನಿಯರ್ 2001ರಲ್ಲೇ ಇದನ್ನು ಬಿಡಿಸಿ ಬರೆದಿದ್ದಾರೆ, ಗೋಡೆ ಹಿಂದೆ ಸಾಯುವ ತೊಂದರೆಯ ಸಮೇತ.

ಇದಿಲ್ಲದಿದ್ದರೆ ಏನಾಗುತ್ತಿತ್ತು? ರವಿ ನಿಮ್ಮ ಮೇಲೆ ಗುರಿ ಇಟ್ಟರೆ ತಾಗುತ್ತಿರಲಿಲ್ಲ, ನಿಮಗಿಂತ 55 ಯೂನಿಟ್ ಮುಂದೆ ಖಾಲಿ ಜಾಗಕ್ಕೆ ಹೊಡೆಯಬೇಕಿತ್ತು. ಅದೂ ಪಿಂಗ್ ಬದಲಾದ ಹಾಗೆಲ್ಲ ಅಂದಾಜು ಬದಲಿಸುತ್ತಾ. ಹಿಂದೆ ಜನ ಹಾಗೇ ಆಡುತ್ತಿದ್ದರು. ಪರದೆಯಲ್ಲಿ ಕಂಡಿದ್ದಕ್ಕೆ ಹೊಡೆದರೆ ತಾಗಲೇಬೇಕು ಅನ್ನೋದು ಶೂಟಿಂಗ್ ಗೇಮ್‌ಗೆ ಜಾಸ್ತಿ ಮುಖ್ಯ ಅಂತ ನಾನೂ ಒಪ್ಪುತ್ತೇನೆ. ಹೊಡೆಯುವವನು ಪೂರ್ತಿ ಗಮನ ಇಟ್ಟು ನೋಡುತ್ತಿರುತ್ತಾನೆ, ಅವನಿಗೆ ಆಗುವ ಅನ್ಯಾಯ ಪ್ರತಿ ಗುಂಡಿಗೂ ಕಾಣುತ್ತದೆ. ಓಡುವವನಿಗೆ ಆಗುವುದು ಯಾವಾಗಲೋ ಒಮ್ಮೆ.

ಇನ್ನು ನನ್ನ ತಕರಾರು. ಸೋರ್ಸ್ ಎಂಜಿನ್‌ನಲ್ಲಿ ಎಷ್ಟು ಹಿಂದಕ್ಕೆ ಹೋಗಬಹುದು ಅನ್ನೋದಕ್ಕೆ `sv_maxunlag` ಅಂತ ಸೆಟ್ಟಿಂಗ್ ಇದೆ, ಅದರ ಡೀಫಾಲ್ಟ್ 1 ಸೆಕೆಂಡ್. ಒಂದು ಸೆಕೆಂಡ್! 250 ಯೂನಿಟ್! ಯಾರದೋ ನೆಟ್ ಕೆಟ್ಟಿದೆ ಅಂತ, ಮೂಲೆ ತಿರುಗಿ ಮೆಟ್ಟಿಲು ಹತ್ತುತ್ತಿರುವವನನ್ನು ವಾಪಸ್ ಎಳೆದು ಸಾಯಿಸೋದು ಯಾವ ನ್ಯಾಯ? ಇದರಲ್ಲಿ ಲಾಭ ಪಡೆಯುವವರೂ ಇದ್ದಾರೆ, ತಮ್ಮ ಕನೆಕ್ಷನ್ನನ್ನು ತಾವೇ ಬೇಕಂತ ತಡೆದು ಆಡುವವರು. ಆಟಗಾರನ ಕಂಪ್ಯೂಟರ್ ಹೇಳುವ ಸಮಯಕ್ಕೂ ಸರ್ವರ್ ಅಳೆದ ಸಮಯಕ್ಕೂ 200 ಮಿಲಿಸೆಕೆಂಡ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಎಂಜಿನ್ ಆ ಮಾತು ನಂಬುವುದಿಲ್ಲ, ತನ್ನ ಅಳತೆಯನ್ನೇ ಹಿಡಿಯುತ್ತದೆ. ಒಳ್ಳೇ ಕಾವಲು. ಆದರೆ ಪಿಂಗೇ ನಿಜವಾಗಿ 600 ಇದ್ದರೆ ಅದು ಏನೂ ಮಾಡಲ್ಲ.

ನನ್ನ ಪ್ರಕಾರ ಮಿತಿ 250 ಮಿಲಿಸೆಕೆಂಡಿನ ಆಸುಪಾಸಿನಲ್ಲಿರಬೇಕು. ರವಿಯ ಪಿಂಗ್ 300 ಆಯ್ತು ಅಂದುಕೊಳ್ಳಿ. 100 ಸೇರಿದರೆ 400. ಸರ್ವರ್ 250 ಮಾತ್ರ ಹಿಂದಕ್ಕೆ ಹೋಗುತ್ತದೆ, ಉಳಿದ 150ರ ಹೊರೆ ರವಿಯದು. ಅಂದರೆ ನಿಮಗಿಂತ ಸುಮಾರು 37 ಯೂನಿಟ್, ಒಂದು ಮೈ ಅಗಲಕ್ಕಿಂತ ಸ್ವಲ್ಪ ಮುಂದೆ ಗುರಿ ಇಡಬೇಕು. ಕಷ್ಟ, ಆದರೆ ಆಗದ್ದೇನಲ್ಲ. ಬ್ಯಾಟಲ್‌ಫೀಲ್ಡ್ 1 ಇದೇ ದಾರಿ ಹಿಡಿದಿತ್ತು: ಮಿತಿ ದಾಟಿದವರು ಮುಂದಕ್ಕೆ ಗುರಿ ಇಡಬೇಕು, ಅದನ್ನು ಪರದೆಯಲ್ಲೇ ಗುರುತು ಹಾಕಿ ತಿಳಿಸುತ್ತಿತ್ತು. ಈ ತಿಳಿಸುವ ಕೆಲಸ ತುಂಬಾ ಮುಖ್ಯ. ಹೇಳದೆ ಮಿತಿ ಹಾಕಿದರೆ ಅವನು ಗುಂಡು ಯಾಕೆ ತಾಗ್ತಿಲ್ಲ ಅಂತ ತಲೆ ಕೆಡಿಸಿಕೊಂಡು ಕೂರ್ತಾನೆ.

"ಹಳ್ಳಿಯಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಆಡುವವನು ಏನು ಮಾಡಬೇಕು?" ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ, ಅವನ ತಪ್ಪೇನಿಲ್ಲ. ಆದರೆ ಆ ಹೊರೆ ಯಾರಾದರೂ ಹೊರಲೇಬೇಕು, ಲೈನಿನಲ್ಲಿ ಹೋದ ಸಮಯವನ್ನು ಯಾವ ಕೋಡೂ ವಾಪಸ್ ತರಲ್ಲ. ಇನ್ನೊಂದು ತುದಿಯಲ್ಲಿ ಒಂಬತ್ತು ಜನ ಇರುವಾಗ ಪೂರ್ತಿ ಹೊರೆಯನ್ನು ಅವರ ತಲೆಗೆ ಕಟ್ಟೋದನ್ನು ನಾನು ಒಪ್ಪಲ್ಲ. ಅವನಿಗೆ ಹತ್ತಿರದ ಊರಲ್ಲಿ ಸರ್ವರ್ ಕೊಡಿ, ಅದು ನಿಜವಾದ ಸಹಾಯ.

ಸ್ನೇಹಿತರ ಜೊತೆ ಆಡಲು ಸ್ವಂತ ಸರ್ವರ್ ಇಟ್ಟುಕೊಂಡಿರುವವರು ಇದನ್ನು ಕಣ್ಣಾರೆ ನೋಡಬಹುದು. `sv_cheats 1` ಹಾಕಿ, ಒಬ್ಬನ ಕಂಪ್ಯೂಟರ್‌ನಲ್ಲಿ `net_fakelag 300` ಕೊಟ್ಟು, `sv_showimpacts 1` ಮಾಡಿ. ಗುಂಡು ಬಿದ್ದಲ್ಲಿ ಆಟಗಾರನ ಕಂಪ್ಯೂಟರ್ ಕಂಡಿದ್ದು ಕೆಂಪು, ಸರ್ವರ್ ಒಪ್ಪಿದ್ದು ನೀಲಿ. ಇನ್ನೊಬ್ಬನನ್ನು ಅಡ್ಡಡ್ಡ ಓಡಿಸುತ್ತಾ ಮೊದಲು `sv_maxunlag 1` ಇಟ್ಟು ಹೊಡೆಸಿ, ಆಮೇಲೆ 0.25ಕ್ಕೆ ಇಳಿಸಿ ಅದೇ ಜಾಗದಲ್ಲಿ ಹೊಡೆಸಿ. ಯಾವ ಮಿತಿಯಲ್ಲಿ ಇಬ್ಬರೂ ಕಡಿಮೆ ಬೈತಾರೋ ಅದನ್ನು ಇಟ್ಟುಕೊಳ್ಳಿ, ನನ್ನ 250ನ್ನೇ ಇಡಬೇಕು ಅಂತೇನಿಲ್ಲ.