ಶಾರ್ಟ್ ಸರ್ಕ್ಯೂಟ್ ಆಗಿ ಅಂಗಡಿ ಸುಟ್ರೆ ಇನ್ಶೂರೆನ್ಸ್ ಸಿಗತ್ತಾ

ಕೇಳುಗರಿಗೆಲ್ಲ ನಮಸ್ಕಾರ. ಮಳೆಗಾಲ ಶುರುವಾದ್ರೆ ನಮ್ ಮಲೆನಾಡಿನ ಹಳೇ ಹೆಂಚಿನ ಅಂಗಡಿಗಳಲ್ಲಿ ಕರೆಂಟಿನ ಕಾಟ ಜಾಸ್ತಿ. ಗೋಡೆ ತೇವ ಹಿಡಿಯತ್ತೆ, ಅಟ್ಟದ ಮೇಲೆ ಇಲಿ ವೈರ್ ಕಡಿದಿರತ್ತೆ, ಸ್ವಿಚ್ ಬೋರ್ಡಿಗೆ ನೀರು ಇಳಿಯತ್ತೆ. ಬೆಂಕಿ ಬಿದ್ದ ಮೇಲೆ ಸುತ್ತ ನಿಂತವರಲ್ಲಿ ಯಾರಾದ್ರೂ ಒಬ್ರು "ಶಾರ್ಟ್ ಸರ್ಕ್ಯೂಟ್ ಆದ್ರೆ ಇನ್ಶೂರೆನ್ಸ್ ಬರಲ್ಲ ಮಾರಾಯ್ರೆ" ಅಂದೇ ಅಂತಾರೆ, ಅದನ್ನ ಕೇಳಿ ಎಷ್ಟೋ ಜನ ಕ್ಲೇಮ್ ಹಾಕದೆ ಸುಮ್ನಾಗ್ತಾರೆ, ನಂಗೆ ತುಂಬ ಬೇಜಾರಾಗೋದು ಅದೇ.

ಪಾಲಿಸಿಲಿ ಶಾರ್ಟ್ ಸರ್ಕ್ಯೂಟ್ ಬಗ್ಗೆ ಒಂದು ಷರತ್ತು ಇರೋದು ನಿಜ. ಆದ್ರೆ ಅದು ಹೇಳೋದು ಇಷ್ಟೇ. ಯಾವ ಕರೆಂಟಿನ ಸಾಮಾನಿನಲ್ಲಿ ಶಾರ್ಟ್ ಆಯ್ತೋ, ಆ ಸಾಮಾನಿಗೆ ಮಾತ್ರ ದುಡ್ಡಿಲ್ಲ. ಅದರಿಂದ ಹತ್ತಿದ ಬೆಂಕಿಗೆ ಬೇರೆ ಏನೇನು ಸುಟ್ಟಿತೋ ಅದಕ್ಕೆಲ್ಲ ಪಾಲಿಸಿ ಅನ್ವಯ ಆಗತ್ತೆ. ಗೋವಾದ ಜುವಾರಿ ಕಾರ್ಖಾನೆ ಕೇಸಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ, ಸ್ವಿಚ್ ಬೋರ್ಡಲ್ಲಿ ಶಾರ್ಟ್ ಆಗಿ ಬೆಂಕಿ ಬಂದು ಮುಂದೆ ನಷ್ಟ ಆಗಿದ್ದಕ್ಕೆ ಕಂಪನಿ ಕೊಡ್ಬೇಕು ಅಂತಾನೇ ಹೇಳಿದೆ.

ಒಂದು ಲೆಕ್ಕ ಹಾಕಿ ನೋಡಣ. ತೀರ್ಥಹಳ್ಳಿ ಕಡೆ ಒಂದು ದಿನಸಿ ಅಂಗಡಿ ಅಂತ ಇಟ್ಕೊಳ್ಳಿ. ರಾತ್ರಿ ಫ್ರಿಜ್ ಹಿಂದಿನ ವೈರ್ ಶಾರ್ಟ್ ಆಗಿ ಬೆಂಕಿ ಹತ್ತಿ, ಪಕ್ಕದ ಅಕ್ಕಿ ಮೂಟೆ, ಎಣ್ಣೆ ಟಿನ್, ಮರದ ರ್ಯಾಕ್ ಎಲ್ಲ ಹೋಯ್ತು. ಫ್ರಿಜ್ ಬೆಲೆ 40 ಸಾವಿರ, ಅದಕ್ಕೆ ಸಿಗಲ್ಲ. ಅರ್ಧಂಬರ್ಧ ಉಳಿದ ಮಾಲಿಗೆ ಬರೋ ಬೆಲೆ ಕಳೆದ ಮೇಲೆ ಸ್ಟಾಕಿನ ನಷ್ಟ 4 ಲಕ್ಷ. ಹಂಗಾದ್ರೆ 4 ಲಕ್ಷ ಬರತ್ತಾ? ಇಲ್ಲಿ ಇನ್ನೊಂದು ವಿಷಯ ಇದೆ. ಬೆಂಕಿ ಬಿದ್ದ ದಿನ ಅಂಗಡೀಲಿ ಒಟ್ಟು ಇದ್ದ ಸ್ಟಾಕ್ 8 ಲಕ್ಷದ್ದು, ಪಾಲಿಸಿ ಮಾಡ್ಸಿದ್ದು 6 ಲಕ್ಷಕ್ಕೆ. ಅಂದ್ರೆ ಮುಕ್ಕಾಲು ಭಾಗಕ್ಕೆ ಮಾತ್ರ ವಿಮೆ, ಹಾಗಾಗಿ ನಷ್ಟದಲ್ಲೂ ಮುಕ್ಕಾಲು ಭಾಗನೇ, 3 ಲಕ್ಷ. ಅದರಲ್ಲಿ ಪಾಲಿಸಿಲಿ ಬರ್ದಿರೋ ಎಕ್ಸೆಸ್, ಅಂದ್ರೆ ನಾವೇ ಹೊರಬೇಕಾದ ಪಾಲು, ಅಂತ ಸ್ವಲ್ಪ ಕಳೀತಾರೆ. 2021ರ ಏಪ್ರಿಲಿಂದ ಸಣ್ಣ ವ್ಯಾಪಾರಗಳಿಗೆ ಬಂದಿರೋ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಲಿ ವಿಮೆ ಮೊತ್ತದ ಕೊರತೆ 15 ಪರ್ಸೆಂಟ್ ಒಳಗಿದ್ರೆ ಹಿಡಿಯಲ್ಲ, ಇಲ್ಲಿ 25 ಪರ್ಸೆಂಟ್ ಆಯ್ತಲ್ಲ, ಅದಕ್ಕೇ ಹಿಡಿತಾರೆ. ದಸರಾ ದೀಪಾವಳಿಗೆ ಮಾಲು ಜಾಸ್ತಿ ತುಂಬ್ತೀರಲ್ಲ, ಆ ಸಮಯದ ಸ್ಟಾಕ್ ನೋಡ್ಕೊಂಡು ಪಾಲಿಸಿ ಮೊತ್ತ ಹಾಕ್ಸಿ.

ಈಗ ಬೆಂಕಿ ಆರಿದ ಮೇಲಿನ ಕೆಲಸ. ಕಂಪನಿಗೆ ಅವತ್ತೇ ಫೋನ್ ಮಾಡಿ, ಜೊತೆಗೆ ಮೇಲ್‌ನೂ ಹಾಕಿ, ಯಾಕಂದ್ರೆ ಹೇಳಿದ್ದಕ್ಕೆ ದಾಖಲೆ ಬೇಕು. ಪೊಲೀಸ್ ಸ್ಟೇಷನ್ನಿಗೆ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ, ಅವ್ರು ಸ್ಥಳ ಮಹಜರು ಮಾಡಿದ್ರೆ ಅದರ ಕಾಪಿನೂ ಕೇಳಿ. ಫೈರ್ ಸ್ಟೇಷನ್ನಿನವ್ರು ಬಂದು ಆರಿಸಿದ್ರೆ ಅವರ ರಿಪೋರ್ಟಿಗೆ ಅರ್ಜಿ ಹಾಕಿ. ಇದೆಲ್ಲ ಎಲ್ರಿಗೂ ಗೊತ್ತಿರೋದೇ. ಕೆಲಸ ಕೆಡೋದು ಬೇರೆ ಕಡೆ. ಬೆಳಗಾಗ್ತಿದ್ದಂಗೆ ನೆಂಟರು ಅಕ್ಕಪಕ್ಕದವ್ರು ಎಲ್ಲ ಸೇರಿ, ಪಾಪ ಒಳ್ಳೇ ಮನಸ್ಸಿಂದನೇ, ಸುಟ್ಟಿದ್ದನ್ನೆಲ್ಲ ಗುಡಿಸಿ ಹೊರಗೆ ಹಾಕ್ಬಿಡ್ತಾರೆ, ಸುಟ್ಟ ವೈರು ಗುಜರಿಗೆ ಹೋಗತ್ತೆ, ಅಲ್ಲಿಗೆ ಸಾಕ್ಷಿನೂ ಹೋಯ್ತು.

ದಯವಿಟ್ಟು ಅದನ್ನ ಮಾಡ್ಬೇಡಿ. ಮೊದಲು ಕರೆಂಟ್ ತೆಗೆಸಿ, ಆಮೇಲೆ ಬಾಗಿಲಿಂದ ಶುರು ಮಾಡಿ ಮೂಲೆಮೂಲೆನೂ ವಿಡಿಯೋ ಮಾಡಿ. ಎಂಸಿಬಿಗಳು ಮೇಲಿವೆಯಾ ಕೆಳಗೆ ಬಿದ್ದಿವೆಯಾ ಅಂತ ಹತ್ತಿರದಿಂದ ಫೋಟೋ ತೆಗೀರಿ, ಕೈ ಹಾಕಿ ಬದಲಾಯಿಸ್ಬೇಡಿ. ಗೋಡೆ ಮೇಲೆ ಕಪ್ಪು ಮಸಿ ಕೆಳಗೆ ಚೂಪಾಗಿ ಶುರುವಾಗಿ ಮೇಲೆ ಹೋಗ್ತಾ ಅಗಲ ಆಗಿರೋ ಜಾಗ ಇದ್ರೆ ಅದರದ್ದೂ ಬೇಕು, ಸಾಮಾನ್ಯವಾಗಿ ಬೆಂಕಿ ಶುರುವಾಗಿದ್ದು ಅದರ ಕೆಳತುದೀಲಿ. ಮಳೆ ಹೊಡೀತಿದ್ರೆ ಮೇಲೆ ಟಾರ್ಪಾಲ್ ಹಾಕಿ. ಉಳಿದ ಮಾಲನ್ನ ಒಣ ಜಾಗಕ್ಕೆ ಸಾಗಿಸಬಹುದು, ಸಾಗಿಸ್ಲೇಬೇಕು ಕೂಡ, ಆದ್ರೆ ಫೋಟೋ ಆದ್ಮೇಲೆ, ನಷ್ಟ ಲೆಕ್ಕ ಹಾಕೋಕೆ ಕಂಪನಿ ಕಳ್ಸೋ ಸರ್ವೇಯರಿಗೆ ಹೇಳಿ. ಮಾರೋದು, ಬಿಸಾಡೋದು ಅವ್ರು ನೋಡೋ ತನಕ ಬೇಡ.

ವೈರ್ ಯಾಕೆ ಅಷ್ಟು ಮುಖ್ಯ ಅಂದ್ರೆ, ಕಾರಣ ಹೇಳೋದೇ ಅದು. ತಾಮ್ರ ಕರಗೋಕೆ 1085 ಡಿಗ್ರಿ ಬೇಕು. ಶಾರ್ಟ್ ಆದಲ್ಲಿ ಕಿಡಿ ಹಾರಿ ವೈರಿನ ತುದೀಲಿ ಸಣ್ಣ ದುಂಡನೆ ಮಣಿ ಕಟ್ಟತ್ತೆ, ಅದರ ಪಕ್ಕದ ತಂತಿ ಹಂಗೇ ಸರಿಯಾಗಿ ಇರತ್ತೆ. ಹೊರಗಿನ ಬೆಂಕಿಗೆ ಕರಗಿದ್ರೆ ಉದ್ದಕ್ಕೂ ತೆಳ್ಳಗೆ ಎಳೆದಂಗೆ ಕಾಣತ್ತೆ. ಆದ್ರೆ ಮಣಿ ಸಿಕ್ಕಿದ್ ತಕ್ಷಣ ಮುಗೀಲಿಲ್ಲ. ಬೇರೆ ಕಡೆ ಹತ್ತಿದ ಬೆಂಕಿ ಬಂದು ಕರೆಂಟ್ ಇರೋ ವೈರಿನ ಪ್ಲಾಸ್ಟಿಕ್ ಸುಟ್ರೂ ಮಣಿ ಬರತ್ತೆ, ಹಾಗಾಗಿ ಅದು ಸಿಕ್ಕಿದ ಜಾಗ ಮತ್ತೆ ಗೋಡೆ ಮಸಿ ಒಂದಕ್ಕೊಂದು ಹೊಂದ್ಬೇಕು. ಲೈಸೆನ್ಸ್ ಇರೋ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಹತ್ರ ಬರ್ಸೋದಾದ್ರೆ ಬರೀ "ಶಾರ್ಟ್ ಸರ್ಕ್ಯೂಟ್ ಆಗಿದೆ" ಅಂತ ಒಂದು ಸಾಲು ಬರ್ಸ್ಕೊಂಡ್ ಬರ್ಬೇಡಿ. ಯಾವ ಸಾಮಾನಿನ ಯಾವ ವೈರು, ಏನು ಗುರುತು ನೋಡಿದ್ರು, ಎಂಸಿಬಿ ಹೆಂಗಿತ್ತು, ಇದೆಲ್ಲ ಬರೀಬೇಕು. "ಫ್ರಿಜ್ಜಿನ ವೈರಿನಲ್ಲಿ ಶುರು" ಅಂತ ಸ್ಪಷ್ಟ ಇದ್ರೆ ಕಂಪನಿ ಬಿಡೋದು ಫ್ರಿಜ್ ಒಂದನ್ನೇ.

ಸರ್ವೇಯರ್ ಅಂದ್ರೆ ಲೈಸೆನ್ಸ್ ಇರೋರು, 1 ಲಕ್ಷ ಅಥವಾ ಅದರ ಮೇಲಿನ ನಷ್ಟಕ್ಕೆ ಅವ್ರು ಬರ್ಲೇಬೇಕು. ಅವ್ರು ನೋಡೋದ್ರಲ್ಲಿ ನಮ್ ಕಡೆಯವ್ರು ಯೋಚನೆನೇ ಮಾಡದ ಒಂದು ವಿಷಯ ಇದೆ, ಆ ಹೊತ್ತಿಗೆ ಕರೆಂಟ್ ಇತ್ತಾ ಅನ್ನೋದು. ಮಳೆ ಗಾಳಿಗೆ ನಮ್ಮಲ್ಲಿ ಗಂಟೆಗಟ್ಟಲೆ ಕರೆಂಟ್ ಹೋಗಿರತ್ತೆ, ಯಾವ ಫೀಡರ್ ಎಷ್ಟೊತ್ತಿಗೆ ಆಫ್ ಆಯ್ತು ಅಂತ ಮೆಸ್ಕಾಂ ಸಬ್‌ಸ್ಟೇಷನ್ನಿನಲ್ಲಿ ಬರ್ದಿಡ್ತಾರೆ. ನೀವು ರಾತ್ರಿ 2 ಗಂಟೆಗೆ ಶಾರ್ಟ್ ಆಯ್ತು ಅಂದು, 1 ಗಂಟೆಯಿಂದ ಲೈನೇ ಇರ್ಲಿಲ್ಲ ಅಂತ ಅಲ್ಲಿ ಇದ್ರೆ ನಿಮ್ ಮಾತನ್ನ ನಂಬೋದು ಕಷ್ಟ. ಒಂದೊಂದ್ಸಲ ಇನ್ವರ್ಟರಿಂದನೂ ಶಾರ್ಟ್ ಆಗಿರತ್ತೆ, ಹಾಗಿದ್ರೆ ಅದನ್ನೇ ಹೇಳಿ. ಸಮಯ ಸರಿಯಾಗಿ ಗೊತ್ತಿಲ್ಲ ಅಂದ್ರೆ ಕ್ಲೇಮ್ ಫಾರ್ಮಲ್ಲಿ "ಇಷ್ಟೊತ್ತಿಗೆ ನೋಡಿದ್ದು" ಅಂತ ಬರೀರಿ, ಊಹೆ ಮಾಡಿ ಗಂಟೆ ಹಾಕ್ಬೇಡಿ. ಹಳೇ ವೈರಿಂಗ್ ಇದ್ರೆ ಮುಚ್ಚಿಡೋಕೆ ಹೋಗೋದೂ ಬೇಡ. ಬೇಕಂತಲೇ ಬೆಂಕಿ ಹಚ್ಚಿದ್ರೆ ಕ್ಲೇಮ್ ಇಲ್ಲ, ಅಜಾಗರೂಕತೆ ಅನ್ನೋದು ಬೇರೆ ವಿಷಯ.

ಇನ್ನು ಸ್ಟಾಕ್ ಲೆಕ್ಕ. ಪುಸ್ತಕ ಎಲ್ಲ ಸುಟ್ಟೋಯ್ತು, ಏನ್ ತೋರ್ಸೋದು ಅಂತ ಕೇಳ್ತಾರೆ. ಜಿಎಸ್‌ಟಿ ರಿಟರ್ನ್ ಆನ್‌ಲೈನಲ್ಲಿ ಇರತ್ತೆ, ಶಿವಮೊಗ್ಗ ಗಾಂಧಿ ಬಜಾರಿನ ಹೋಲ್‌ಸೇಲ್‌ನವರ ಹತ್ರ ಬಿಲ್ ಕಾಪಿ ಸಿಗತ್ತೆ, ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟ್ ಬ್ಯಾಂಕಲ್ಲಿದೆ. ಸರ್ವೇಯರ್ ಇವನ್ನ ಪಕ್ಕಪಕ್ಕ ಇಟ್ಟು ನೋಡ್ತಾರೆ. ಸಾಲಕ್ಕೋಸ್ಕರ ಬ್ಯಾಂಕಿಗೆ ಜಾಸ್ತಿ ತೋರ್ಸಿ, ತೆರಿಗೆ ಲೆಕ್ಕದಲ್ಲಿ ಕಮ್ಮಿ ತೋರ್ಸಿದ್ರೆ ಅದು ಹೊರಗೆ ಬರೋದು ಇಲ್ಲೇ.

ಕಂಪನಿ ಇಲ್ಲ ಅಂದ್ರೆ ಯಾವ ಷರತ್ತಿನ ಮೇಲೆ ಅಂತ ಬರಹದಲ್ಲಿ ಕೇಳಿ, ಸರ್ವೇ ರಿಪೋರ್ಟ್ ಕಾಪಿನೂ ಕೇಳಿ. "ಶಾರ್ಟ್ ಸರ್ಕ್ಯೂಟ್, ಆದ್ದರಿಂದ ಇಲ್ಲ" ಅಂತ ಅಷ್ಟೇ ಬರ್ದಿದ್ರೆ, ಆ ಷರತ್ತು ಆ ಒಂದು ಸಾಮಾನಿಗೆ ಮಾತ್ರ ಅಂತ ಕಂಪನಿಗೇ ಮೊದಲು ದೂರು ಬರೀರಿ. ಒಂದು ತಿಂಗಳಾದ್ರೂ ಉತ್ತರ ಬರ್ಲಿಲ್ಲ, ಅಥವಾ ಬಂದಿದ್ದು ಸರಿ ಅನ್ಸ್ಲಿಲ್ಲ ಅಂದ್ರೆ ಬೆಂಗಳೂರಲ್ಲಿರೋ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಹತ್ರ ಹೋಗ್ಬಹುದು. 50 ಲಕ್ಷದ ತನಕದ ದೂರು ಕೇಳ್ತಾರೆ, ಫೀಸಿಲ್ಲ, ವಕೀಲರು ಬೇಡ, ಆದ್ರೆ ಕಂಪನಿ ಇಲ್ಲ ಅಂದ ಒಂದು ವರ್ಷದೊಳಗೆ ದೂರು ಅಲ್ಲಿಗೆ ತಲುಪಿರ್ಬೇಕು.