ಉತ್ತರ ಪತ್ರಿಕೆ ಹಿಡಿದು ಕೂತಾಗ

ಕೇಳುಗರೇ, ನಮಸ್ಕಾರ.

ನಾನು ಕುಷ್ಟಗಿಯಲ್ಲಿ ಸರ್ಕಾರಿ ನೌಕರಿ ಪರೀಕ್ಷೆಗಳಿಗೆ ಕೋಚಿಂಗ್ ಕೊಡುತ್ತೇನೆ. ನಮ್ಮಲ್ಲಿ ಬರುವವರು ಬಹುತೇಕ ಪಿಯುಸಿ ಮುಗಿಸಿದ ಮಕ್ಕಳು. ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದವರೂ ಇದ್ದಾರೆ. ಪೊಲೀಸ್ ಕಾನ್ಸ್‌ಟೇಬಲ್, ಗ್ರಾಮ ಆಡಳಿತ ಅಧಿಕಾರಿ, ಎಸ್‌ಡಿಎ, ರೈಲ್ವೆ ಗ್ರೂಪ್ ಡಿ, ಇವೇ ಅವರ ಕಣ್ಣ ಮುಂದಿರುವ ಪರೀಕ್ಷೆಗಳು.

ಶುರು ಮಾಡಿದ ವರ್ಷ ನಾನೂ ಎಲ್ಲರಂತೆ ಬಸ್ ನಿಲ್ದಾಣದ ಮುಂದೆ ದೊಡ್ಡ ಬ್ಯಾನರ್ ಕಟ್ಟಿಸಿದೆ. ಕರಪತ್ರ ಹಂಚಿಸಿದೆ. ಬಂದವರು ಒಂಬತ್ತು ಮಂದಿ. ನಮ್ಮ ಕಡೆಯ ಮಕ್ಕಳಿಗೆ ಕೋಚಿಂಗ್ ಅಂದರೆ ಧಾರವಾಡ, ಇಲ್ಲಾಂದ್ರೆ ವಿಜಯಪುರ. ದುಡ್ಡು ಇದ್ದವರು ಅಲ್ಲಿಗೆ ಹೋಗಿ ರೂಮು ಮಾಡುತ್ತಾರೆ. ಇಲ್ಲದವರು ಮನೆಯಲ್ಲೇ ಗೈಡ್ ಓದುತ್ತಾರೆ. ಊರಲ್ಲೇ ಇರುವ ಮೇಷ್ಟ್ರ ಹತ್ತಿರ ಏನಿದೆ ಅಂತ ಯಾರಿಗೆ ಗೊತ್ತು?

ಎರಡನೇ ವರ್ಷ ಬ್ಯಾನರ್ ಬಿಟ್ಟೆ. ಪಿಯುಸಿ ಫಲಿತಾಂಶ ಬಂದ ಮೇಲೆ ಭಾನುವಾರಗಳಂದು ಒಂದು ಮಾದರಿ ಪರೀಕ್ಷೆ ಇಟ್ಟೆ. ಫೀಸು ಇಲ್ಲ, ಯಾರು ಬೇಕಾದರೂ ಬರಬಹುದು. ಮುಂದೇನು ಅಂತ ಮನೆಮನೆಯಲ್ಲಿ ಮಾತು ನಡೆಯುವುದು ಆ ದಿನಗಳಲ್ಲೇ. ಕಾನ್ಸ್‌ಟೇಬಲ್ ಪರೀಕ್ಷೆಯ ಮಾದರಿಯಲ್ಲೇ 100 ಪ್ರಶ್ನೆ, 90 ನಿಮಿಷ. ನಿಜವಾದ ಪರೀಕ್ಷೆಯಲ್ಲಿ ಇರುವಂಥದ್ದೇ ಓಎಂಆರ್ ಹಾಳೆ, ಬಾಲ್ ಪೆನ್. ಬೆಳಿಗ್ಗೆ ಹತ್ತಕ್ಕೆ ಶುರುವಾದರೆ ಹನ್ನೊಂದೂವರೆಗೆ ಮುಗಿಯುತ್ತದೆ. ಹಳ್ಳಿಯಿಂದ ಬರುವವರಿಗೆ ಬೆಳಗಿನ ಬಸ್ಸು ಸಿಗುತ್ತದೆ, ಸಂಜೆಯೊಳಗೆ ಮನೆ ಸೇರುತ್ತಾರೆ. ಹೆಣ್ಣುಮಕ್ಕಳನ್ನು ಕಳಿಸುವ ತಂದೆತಾಯಿ ಮೊದಲು ಕೇಳುವುದು ಬಸ್ಸಿನ ವೇಳೆಯನ್ನೇ. ಸಿಲಬಸ್ಸಿನ ಮಾತು ಆಮೇಲೆ.

ಮಕ್ಕಳನ್ನು ಕರೆತಂದದ್ದು ಮಾತ್ರ ಪರೀಕ್ಷೆಯಲ್ಲ, ಅದಾದ ಮೇಲಿನ ಹೊತ್ತು. ಪ್ರತಿಯೊಬ್ಬರ ಹಾಳೆ ಹಿಡಿದು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಒಬ್ಬೊಬ್ಬರಿಗೆ ಹತ್ತು ನಿಮಿಷ. ಅಂಕ ಎಷ್ಟು ಅಂತ ಹೇಳುವುದಕ್ಕಿಂತ ಅಂಕ ಎಲ್ಲಿ ಹೋಯಿತು ಅಂತ ತೋರಿಸುವುದು ಆ ಕೆಲಸ.

ಒಂದು ಹಾಳೆಯ ಕಥೆ ಹೇಳುತ್ತೇನೆ. ಹನುಮಸಾಗರದ ಕಡೆಯಿಂದ ಬಂದ ಹುಡುಗಿ, ಕಲಾ ವಿಭಾಗದಲ್ಲಿ ಪಿಯುಸಿ. 64 ಪ್ರಶ್ನೆಗೆ ಮಾತ್ರ ಉತ್ತರ ತುಂಬಿದ್ದಳು. ಅದರಲ್ಲಿ 54 ಸರಿ, 10 ತಪ್ಪು. ಕಾನ್ಸ್‌ಟೇಬಲ್ ಪರೀಕ್ಷೆಯಲ್ಲಿ ಒಂದು ತಪ್ಪಿಗೆ ಕಾಲು ಅಂಕ ಕಳೆಯುತ್ತಾರೆ. ಹಾಗಾಗಿ ಎರಡೂವರೆ ಹೋಗಿ 51.5 ಉಳಿಯಿತು. 36 ಪ್ರಶ್ನೆ ಖಾಲಿ.

"ಯಾಕವ್ವಾ ಇಷ್ಟು ಬಿಟ್ಟೆ?" ಅಂತ ಕೇಳಿದೆ.

"ನೆಗೆಟಿವ್ ಐತಲ್ರಿ ಸರ. ಖಾತ್ರಿ ಇಲ್ದಿದ್ರ ಮುಟ್ಟಬ್ಯಾಡ ಅಂತ ನಮ್ಮಣ್ಣ ಹೇಳ್ಯಾನ."

ಈ ಮಾತನ್ನು ನಮ್ಮಂಥ ಮೇಷ್ಟ್ರುಗಳೂ ಹೇಳುತ್ತೇವೆ. ಆದರೆ ಲೆಕ್ಕ ಬೇರೆ ಇದೆ. ಗೊತ್ತಿಲ್ಲದ ಐದು ಪ್ರಶ್ನೆಗೆ ಉತ್ತರ ತುಂಬಿದಿರಿ ಅಂತ ಇಟ್ಟುಕೊಳ್ಳಿ. ಒಂದು ಸರಿ, ನಾಲ್ಕು ತಪ್ಪು. ಬಂದದ್ದು ಒಂದು ಅಂಕ, ನಾಲ್ಕು ಕಾಲು ಸೇರಿ ಹೋದದ್ದೂ ಒಂದು ಅಂಕ. ಲಾಭವೂ ಇಲ್ಲ, ನಷ್ಟವೂ ಇಲ್ಲ. ಅಂದರೆ ಐದರಲ್ಲಿ ಒಂದಕ್ಕಿಂತ ಜಾಸ್ತಿ ಸರಿಯಾಗುವ ಹಾಗಿದ್ದರೆ ತುಂಬುವುದೇ ಲಾಭ. ನಾಲ್ಕು ಆಯ್ಕೆಯಲ್ಲಿ ಎರಡು ಖಂಡಿತ ಅಲ್ಲ ಅಂತ ಗೊತ್ತಿದ್ದರೆ ಉಳಿದದ್ದು ಎರಡೇ ಅಲ್ವಾ? ಅಂಥ ಪ್ರಶ್ನೆಗಳಲ್ಲಿ ಸುಮಾರು ಅರ್ಧ ಸರಿಯಾಗುತ್ತವೆ.

ಅವಳ ಖಾಲಿ ಪ್ರಶ್ನೆಗಳಲ್ಲಿ ಒಂದು ಹೀಗಿತ್ತು: ಐಹೊಳೆ ಶಾಸನವನ್ನು ರಚಿಸಿದವರು ಯಾರು? ಆಯ್ಕೆಗಳು ಪಂಪ, ರವಿಕೀರ್ತಿ, ಹರಿಷೇಣ, ಕಾಳಿದಾಸ. ಪಂಪ ಅಲ್ಲ, ಅವನು ಆಮೇಲಿನವನು ಅಂದಳು. ಕಾಳಿದಾಸ ನಾಟಕ ಬರೆದವನು, ಅವನೂ ಅಲ್ಲ ಅಂದಳು. ರವಿಕೀರ್ತಿಯೋ ಹರಿಷೇಣನೋ ಅಂತ ಗೊಂದಲವಾಗಿ ಬಿಟ್ಟುಬಿಟ್ಟಿದ್ದಳು. ಅರ್ಧ ಗೊತ್ತಿದ್ದ ಪ್ರಶ್ನೆ ಏನೂ ಗೊತ್ತಿಲ್ಲದ ಪ್ರಶ್ನೆಯ ಸಾಲಿಗೆ ಸೇರಿತ್ತು.

ಅಲ್ಲೇ ಒಂದು ಪೆನ್ಸಿಲ್ ಕೊಟ್ಟೆ. ಖಾಲಿ ಬಿಟ್ಟ 36ರಲ್ಲಿ ಎರಡು ಆಯ್ಕೆ ಹೊಡೆದು ಹಾಕಲು ಆಗುವಂಥವನ್ನು ಗುರುತು ಮಾಡು ಅಂದೆ. 20 ಸಿಕ್ಕವು. ಅವಕ್ಕೆ ಉತ್ತರ ಬರೆಸಿದೆ. 11 ಸರಿ, 9 ತಪ್ಪು. 11 ಬಂತು, ಎರಡೂಕಾಲು ಹೋಯಿತು, ಉಳಿದದ್ದು 8.75. 51.5 ಇದ್ದದ್ದು 60.25 ಆಯಿತು. ಹೊಸದಾಗಿ ಒಂದಕ್ಷರ ಓದಿರಲಿಲ್ಲ. ಅವತ್ತು ಅದೃಷ್ಟ ಚೆನ್ನಾಗಿಲ್ಲದೆ ಏಳೇ ಸರಿಯಾಗಿದ್ದರೂ 3.75 ಸಿಗುತ್ತಿತ್ತು. ಉಳಿದ 16ರಲ್ಲಿ ಅವಳಿಗೆ ಏನೂ ತೋಚಿರಲಿಲ್ಲ. ಅವನ್ನು ಕಣ್ಣು ಮುಚ್ಚಿ ತುಂಬಿದರೆ ಸರಾಸರಿ ನಾಲ್ಕು ಸರಿ, 12 ತಪ್ಪು. ಗಿಟ್ಟುವುದು ಒಂದೇ ಅಂಕ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ ಅಂದೆ.

ಕಾನ್ಸ್‌ಟೇಬಲ್ ಆಯ್ಕೆಯಲ್ಲಿ ಒಂಬತ್ತು ಅಂಕ ಅಂದರೆ ತುಂಬಾ ದೊಡ್ಡದು. ಲಿಖಿತ ಪರೀಕ್ಷೆಯ ಅಂಕ ನೋಡಿ, ಒಂದು ಹುದ್ದೆಗೆ ಐದು ಮಂದಿಯಂತೆ ದೈಹಿಕ ಪರೀಕ್ಷೆಗೆ ಕರೆಯುತ್ತಾರೆ. ಅಲ್ಲಿ ಪಾಸಾದರೆ ಸಾಕು, ಅದಕ್ಕೆ ಬೇರೆ ಅಂಕವಿಲ್ಲ. ಹುಡುಗರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ, ಹುಡುಗಿಯರು 400 ಮೀಟರನ್ನು ಎರಡು ನಿಮಿಷದಲ್ಲಿ ಓಡಬೇಕು. ನಮ್ಮ ಹಳ್ಳಿ ಮಕ್ಕಳು ಓಡುತ್ತಾರೆ. ಅವರು ಸೋಲುವುದು ಹಾಳೆಯ ಮೇಲೆ.

ಹುಡುಗರ ಹಾಳೆಯಲ್ಲಿ ಬೇರೆ ರೋಗ. ಒಬ್ಬ ಹುಡುಗ ಎಲ್ಲವನ್ನೂ ಗೊತ್ತಿರುವವನಂತೆ ಮಾತಾಡುತ್ತಿದ್ದ, ಅಂಕ ಮಾತ್ರ ನಲವತ್ತರ ಆಸುಪಾಸು. ಹಾಳೆ ನೋಡಿದರೆ 37ರಿಂದ 51ರವರೆಗೆ ಸಾಲಾಗಿ ತಪ್ಪು, ನಡುವೆ ಎರಡು ಮೂರು ಮಾತ್ರ ಸರಿ. ತಪ್ಪುಗಳು ಹೀಗೆ ಗುಂಪಾಗಿ ಕೂತರೆ ನನಗೆ ತಕ್ಷಣ ಅನುಮಾನ ಬರುತ್ತದೆ. 37ನೇ ಪ್ರಶ್ನೆ ಬಿಟ್ಟಿದ್ದ, ಆದರೆ ಹಾಳೆಯಲ್ಲಿ 37ನೇ ಸಾಲು ಬಿಟ್ಟಿರಲಿಲ್ಲ. 38ರ ಉತ್ತರ 37ರಲ್ಲಿ ಕೂತಿತ್ತು, 39ರದ್ದು 38ರಲ್ಲಿ. 52ಕ್ಕೆ ಬಂದಾಗ ಗೊತ್ತಾಯಿತಂತೆ. ಬಾಲ್ ಪೆನ್ನಿನಲ್ಲಿ ತುಂಬಿದ್ದನ್ನು ಅಳಿಸುವುದು ಹೇಗೆ? ಎಷ್ಟು ಓದಿಸಿದರೂ ಈ ತಪ್ಪು ಹೋಗುವುದಿಲ್ಲ. ಪ್ರತಿ ಐದು ಪ್ರಶ್ನೆಗೆ ಒಮ್ಮೆ ಪ್ರಶ್ನೆಯ ಸಂಖ್ಯೆ, ಸಾಲಿನ ಸಂಖ್ಯೆ ಎರಡನ್ನೂ ಬೆರಳಿಟ್ಟು ನೋಡುವ ಅಭ್ಯಾಸ ಮಾಡಿಸಿದೆ. ನಾಲ್ಕು ಭಾನುವಾರ ಹಿಡಿಯಿತು.

ಈ ಎರಡು ಹಾಳೆಗಳ ಸುದ್ದಿ ನನ್ನ ಬ್ಯಾನರ್‌ಗಿಂತ ದೂರ ಹೋಯಿತು. ಹುಡುಗಿ ತನ್ನ ಹಾಳೆಯನ್ನು ಮನೆಗೆ ಒಯ್ದು ಅಣ್ಣನಿಗೆ ತೋರಿಸಿದಳು. ಮುಂದಿನ ವಾರ ಅಣ್ಣನೂ ಬಂದ, ಅವರ ಓಣಿಯ ಮೂವರು ಗೆಳತಿಯರೂ ಬಂದರು. ಆ ವರ್ಷ ತರಗತಿಗೆ ಸೇರಿದ ಹೆಚ್ಚಿನವರು ಹೀಗೆ ಒಬ್ಬರ ಹಿಂದೆ ಒಬ್ಬರು ಬಂದವರು.

ತಂದೆತಾಯಿ ಕೇಳುವ ಪ್ರಶ್ನೆ ಇನ್ನೊಂದು. "ಸರ, ನೌಕರಿ ಗ್ಯಾರಂಟಿ ಏನ್ರಿ?" ಇಲ್ಲ ಅಂತಲೇ ಹೇಳುತ್ತೇನೆ. ಈಗ ಗ್ಯಾರಂಟಿ ಅಂತ ಹಾಕುವ ಹಾಗೂ ಇಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಕೋಚಿಂಗ್ ಜಾಹೀರಾತುಗಳಿಗೆ ಮಾರ್ಗಸೂಚಿ ತಂದಿದೆ. ನೌಕರಿ ಖಾತ್ರಿ ಅನ್ನುವಂತಿಲ್ಲ. ಆಯ್ಕೆಯಾದವರ ಫೋಟೋ ಹಾಕಬೇಕಾದರೆ, ಆಯ್ಕೆಯಾದ ಮೇಲೆ ಅವರಿಂದ ಲಿಖಿತ ಒಪ್ಪಿಗೆ ಪಡೆಯಬೇಕು. ಅವರು ನಿಮ್ಮಲ್ಲಿ ಯಾವ ಕೋರ್ಸ್ ಮಾಡಿದ್ದರು ಅಂತಲೂ ತಿಳಿಸಬೇಕು. ಬರೀ ಒಂದು ವಾರ ಮಾದರಿ ಪರೀಕ್ಷೆಗೆ ಬಂದವರ ಫೋಟೋ ಹಾಕಿ ನಮ್ಮ ವಿದ್ಯಾರ್ಥಿ ಅಂದರೆ ಆ ಮನೆಯವರಿಗೂ ನೋವು, ಓದುವ ಮಕ್ಕಳಿಗೂ ಮೋಸ. ನಾನು ಇಡೀ ವರ್ಷದ ಫೀಸನ್ನು ಒಂದೇ ಸಲ ತೆಗೆದುಕೊಳ್ಳುವುದಿಲ್ಲ. ತಿಂಗಳಿಗೊಮ್ಮೆ ಕೊಡಿ, ಇಷ್ಟವಾಗದಿದ್ದರೆ ಬಿಡಿ ಅನ್ನುತ್ತೇನೆ. ಹೊಲ ನಂಬಿದ ಮನೆಗಳಿಗೆ ಅದೇ ಅನುಕೂಲ.

ಗ್ಯಾರಂಟಿ ಯಾಕೆ ಕೊಡಲಾಗದು ಅನ್ನುವುದು 2024ರ ಅಕ್ಟೋಬರ್‌ನಲ್ಲಿ ಎಲ್ಲರಿಗೂ ಕಂಡಿತು. ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡ ಅಂತ ರಾಜ್ಯ ಸಚಿವ ಸಂಪುಟ ನಿರ್ಧರಿಸಿತು. ನಮ್ಮ ತರಗತಿ ಅರ್ಧ ಖಾಲಿಯಾಯಿತು. ಯಾರನ್ನೂ ದೂರಲು ಮನಸ್ಸು ಬರಲಿಲ್ಲ, ಮನೆಯಲ್ಲಿ ಎಷ್ಟು ದಿನ ಕೂರುತ್ತಾರೆ? 2025ರ ಜನವರಿಯಲ್ಲಿ ರೈಲ್ವೆ ಗ್ರೂಪ್ ಡಿ ಅಧಿಸೂಚನೆ ಬಂತು. 32,438 ಹುದ್ದೆ, ಎಸ್ಸೆಸ್ಸೆಲ್ಸಿ ಸಾಕು, ಪ್ರಶ್ನೆಗಳು ಕನ್ನಡದಲ್ಲೂ ಇರುತ್ತವೆ. ಉಳಿದ ಮಕ್ಕಳನ್ನು ಅದರ ಕಡೆ ತಿರುಗಿಸಿದೆ.

ಅಲ್ಲಿ ನಾನು ಕಲಿಸಿದ್ದ ಲೆಕ್ಕವನ್ನೇ ಬದಲಿಸಬೇಕಾಯಿತು. ರೈಲ್ವೆಯಲ್ಲಿ ತಪ್ಪಿಗೆ ಕಳೆಯುವುದು ಕಾಲು ಅಂಕ ಅಲ್ಲ, ಮೂರರಲ್ಲಿ ಒಂದು ಭಾಗ. ಮೂರು ತಪ್ಪಿಗೆ ಒಂದು ಅಂಕ ಹೋಗುತ್ತದೆ. ನಾಲ್ಕು ಪ್ರಶ್ನೆ ಕಣ್ಣು ಮುಚ್ಚಿ ತುಂಬಿದರೆ ಒಂದು ಸರಿ, ಮೂರು ತಪ್ಪು, ಕೈಗೆ ಸೊನ್ನೆ. ಎರಡು ಆಯ್ಕೆ ತೆಗೆದುಹಾಕಲು ಆದರೆ ಅಲ್ಲೂ ತುಂಬಬಹುದು. ಏನೂ ಗೊತ್ತಿಲ್ಲದಿದ್ದರೆ ಸುಮ್ನೆ ಮುಂದಕ್ಕೆ ಹೋಗಿ, ಉಳಿದ ಸಮಯವನ್ನು ಲೆಕ್ಕದ ಪ್ರಶ್ನೆಗೆ ಕೊಡಿ ಅಂದೆ. ಅಧಿಸೂಚನೆ ಬಂದ ದಿನ ಮಕ್ಕಳು ಹುದ್ದೆ ಎಷ್ಟು ಅಂತ ನೋಡುತ್ತಾರೆ. ಋಣಾತ್ಮಕ ಅಂಕದ ಸಾಲನ್ನೂ ಅವರಿಂದಲೇ ಗಟ್ಟಿಯಾಗಿ ಓದಿಸುತ್ತೇನೆ.

ಹೇಳಲೇಬೇಕಾದ ಮಾತು ಇನ್ನೊಂದಿದೆ. ನಮ್ಮ ಕೊಪ್ಪಳ ಜಿಲ್ಲೆ ಕಲ್ಯಾಣ ಕರ್ನಾಟಕಕ್ಕೆ ಸೇರಿದ್ದು. ಸಂವಿಧಾನದ 371 ಜೆ ವಿಧಿಯ ಪ್ರಕಾರ ಸ್ಥಳೀಯರಿಗೆ ಹುದ್ದೆಗಳ ಮೀಸಲು ಇದೆ. ಅದಕ್ಕೆ ಉಪವಿಭಾಗಾಧಿಕಾರಿ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರ ಬೇಕು. ಗ್ರಾಮೀಣ ಮೀಸಲು, ಕನ್ನಡ ಮಾಧ್ಯಮದ ಮೀಸಲು ಕೇಳುವವರಿಗೆ ಶಾಲೆಯಿಂದ ಬೇರೆ ಪ್ರಮಾಣಪತ್ರ ಬೇಕು. ಇವೆಲ್ಲ ಅರ್ಜಿಯ ಕೊನೆಯ ದಿನಾಂಕದೊಳಗೆ ಕೈಯಲ್ಲಿರಬೇಕು. ನನ್ನ ಹತ್ತಿರ ಓದಿದ ಒಬ್ಬ ಹುಡುಗ ಚೆನ್ನಾಗಿ ಬರೆದಿದ್ದ. ದಾಖಲೆ ಪರಿಶೀಲನೆಯಲ್ಲಿ ಅವನ ಒಂದು ಪ್ರಮಾಣಪತ್ರದ ದಿನಾಂಕ ಕೊನೆಯ ದಿನಕ್ಕಿಂತ ಹನ್ನೊಂದು ದಿನ ಆಮೇಲಿನದು ಅಂತ ಕಂಡಿತು. ಆ ಮೀಸಲು ಕೈಬಿಟ್ಟಿತು, ಪಟ್ಟಿಯಲ್ಲಿ ಹೆಸರು ಬರಲಿಲ್ಲ. ನಾನು ಅವನಿಗೆ ವರ್ಷವಿಡೀ ಇತಿಹಾಸ, ಸಂವಿಧಾನ ಹೇಳಿಕೊಟ್ಟಿದ್ದೆ. ಈ ಕಾಗದ ಮಾಡಿಸಿದ್ದೀಯಾ ಅಂತ ಒಮ್ಮೆಯೂ ಕೇಳಿರಲಿಲ್ಲ. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಹಾಗಾಗಿ ಈಗ ತರಗತಿಗೆ ಸೇರುವ ದಿನ ಪುಸ್ತಕದ ಪಟ್ಟಿಗಿಂತ ಮೊದಲು ಕಾಗದದ ಪಟ್ಟಿ ಕೊಡುತ್ತೇನೆ. ಯಾರದ್ದು ಬಂತು, ಯಾರದ್ದು ಬಂದಿಲ್ಲ ಅಂತ ಗೋಡೆಯ ಮೇಲೆ ಬರೆದಿಟ್ಟಿದ್ದೇನೆ. ಪ್ರಮಾಣಪತ್ರ ಕೈಗೆ ಬಂದ ದಿನ ಮಕ್ಕಳೇ ಬಂದು ತಮ್ಮ ಹೆಸರಿನ ಮುಂದೆ ಗುರುತು ಹಾಕುತ್ತಾರೆ. ಈ ವಾರ ಆ ಗೋಡೆಯಲ್ಲಿ ಇನ್ನೂ ಏಳು ಹೆಸರು ಖಾಲಿ ಇವೆ. ಸೋಮವಾರ ಅವರನ್ನು ಕರೆದುಕೊಂಡು ಕಚೇರಿಗೆ ಹೋಗಬೇಕು.

ನಮಸ್ಕಾರ.